ಒಂದೇ ಹಾಡಿಗೆ ಎರಡು ಹೆಸರು: ದನಿ ಯಾರದೆನ್ನುವ ಮೊದಲು ವೇಗ ಅಳೆಯಿರಿ

ಪ್ರಶ್ನೆ: ಹಳೆಯ ಸಿನಿಮಾ ಹಾಡೊಂದರ ಇಪಿ ರೆಕಾರ್ಡಿನ ಲೇಬಲ್ ಮೇಲೆ ಹಿರಿಯ ಗಾಯಕಿಯ ಹೆಸರಿದೆ. ಹಾಡಿನ ಆಪ್‌ಗಳಲ್ಲೆಲ್ಲ ಕಿರಿಯ ಗಾಯಕಿಯ ಹೆಸರು. ಸಿನಿಮಾದ ಟೈಟಲ್‌ನಲ್ಲಿ ಇಬ್ಬರೂ ಇದ್ದಾರೆ, ಯಾವ ಹಾಡು ಯಾರದು ಅಂತ ಹಾಕಿಲ್ಲ. ರೆಕಾರ್ಡ್ ಕೇಳಿದರೆ ಹಿರಿಯರದೇ ಅನ್ನಿಸುತ್ತೆ, ವಿಸಿಡಿಯಲ್ಲಿ ಕೇಳಿದರೆ ಕಿರಿಯರೇ ಅನ್ನಿಸುತ್ತೆ. ಎರಡೂ ಕಡತ ಕಳಿಸಿದ್ದೇನೆ, ಇಬ್ಬರ ಬೇರೆ ಹಾಡುಗಳನ್ನೂ ಜೊತೆಗಿಟ್ಟಿದ್ದೇನೆ. ದನಿ ಕೇಳಿಯೇ ತೀರ್ಮಾನ ಮಾಡೋದು ಹೇಗೆ?

ಉತ್ತರ: ಎರಡೂ ಕಡತಗಳಲ್ಲಿ ಇರುವುದು ಒಂದೇ ದನಿ. ವಿಸಿಡಿಯದು ನೂರಕ್ಕೆ ನಾಲ್ಕರಷ್ಟು ವೇಗವಾಗಿ ಓಡುತ್ತಿದೆ, ನಿಮ್ಮ ಕಿವಿಯನ್ನು ದಾರಿ ತಪ್ಪಿಸಿರುವುದು ಅದೇ. ಪಲ್ಲವಿಯ ಮೊದಲ ಅಕ್ಷರದಿಂದ ಮೊದಲ ಚರಣದ ಮೊದಲ ಅಕ್ಷರದವರೆಗೆ ರೆಕಾರ್ಡಿನಲ್ಲಿ 75 ಸೆಕೆಂಡು ಹಿಡಿಯುತ್ತದೆ, ವಿಸಿಡಿಯಲ್ಲಿ 72. 72ನ್ನು 75ರಿಂದ ಭಾಗಿಸಿದರೆ 0.96. ಈ ಅಂಕಿ ಎಲ್ಲಿಂದ ಬರುತ್ತದೆ ಎಂಬುದು ಗೊತ್ತಿರುವ ವಿಷಯ. ಸಿನಿಮಾ ರೀಲು ಸೆಕೆಂಡಿಗೆ 24 ಚಿತ್ರದಂತೆ ಓಡುತ್ತದೆ, ನಮ್ಮಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ವಿಡಿಯೊ 25ರಂತೆ. ರೀಲನ್ನು ವಿಡಿಯೊಗೆ ಇಳಿಸುವಾಗ ಚಿತ್ರಗಳನ್ನು ಹಾಗೆಯೇ 25ರ ವೇಗದಲ್ಲಿ ಓಡಿಸಿಬಿಡುವುದು ರೂಢಿಯಲ್ಲಿತ್ತು. ಚಿತ್ರದ ಜೊತೆಗೆ ಹಾಡೂ ಓಡಿತು. 24 ಭಾಗಿಸು 25 ಎಂದರೆ ಸರಿಯಾಗಿ 0.96.

ಇಂಥ ಅಳತೆಯನ್ನು ಇಡೀ ಹಾಡಿನ ಉದ್ದದ ಮೇಲೆ ಮಾಡಬೇಡಿ. ಸಿನಿಮಾದಲ್ಲಿ ಒಂದು ಚರಣವನ್ನೇ ಕತ್ತರಿಸಿರಬಹುದು, ಬಿಜಿಎಂ ಹಿಗ್ಗಿಸಿರಬಹುದು, ರೆಕಾರ್ಡಿನಲ್ಲಿ ಕೊನೆಯನ್ನು ಮೆಲ್ಲಗೆ ಅಡಗಿಸಿರಬಹುದು. ಎರಡರಲ್ಲೂ ಇರುವ ಒಂದು ನಿಮಿಷದಷ್ಟು ಉದ್ದದ ತುಣುಕನ್ನು ಹಿಡಿದು, ಗಟ್ಟಿ ವ್ಯಂಜನದಿಂದ ಗಟ್ಟಿ ವ್ಯಂಜನಕ್ಕೆ ಅಳೆಯಿರಿ. ಸ್ವರದಿಂದ ಶುರುವಾಗುವ ಪದಕ್ಕಿಂತ ‘ತ’, ‘ಕ’, ‘ಪ’ದಿಂದ ಶುರುವಾಗುವ ಪದದ ಅಂಚು ಕಂಪ್ಯೂಟರ್ ತೆರೆಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ.

ನಾಲ್ಕು ಎಂಬುದು ಚಿಕ್ಕ ಅಂಕಿಯಂತೆ ಕಾಣುತ್ತದೆ. ದನಿಯ ಮಟ್ಟಿಗೆ ಅದು ದೊಡ್ಡದು. ಶ್ರುತಿ ಹಾರ್ಮೋನಿಯಂನ ಅರ್ಧ ಮನೆಯ ಮುಕ್ಕಾಲು ಪಾಲಿನಷ್ಟು ಮೇಲೇರುತ್ತದೆ, ಅರ್ಧ ಮನೆಗೆ 100 ಸೆಂಟ್ಸ್ ಎಂಬ ಲೆಕ್ಕದಲ್ಲಿ 71. ಶ್ರುತಿಯೊಂದೇ ಏರಿದ್ದರೆ ತೊಂದರೆಯಿರಲಿಲ್ಲ, ಒಬ್ಬರೇ ಗಾಯಕಿ ಬೇರೆ ಬೇರೆ ಶ್ರುತಿಯಲ್ಲಿ ಹಾಡುತ್ತಾರೆ, ನಾವು ಗುರುತಿಸುತ್ತೇವೆ. ಆದರೆ ವೇಗ ಹೆಚ್ಚಿದಾಗ ಗಂಟಲು ಮತ್ತು ಬಾಯಿಯ ಅನುರಣನಗಳೂ ಅಷ್ಟೇ ಪ್ರಮಾಣದಲ್ಲಿ ಮೇಲೇರುತ್ತವೆ. ಧ್ವನಿಪೆಟ್ಟಿಗೆಯಿಂದ ತುಟಿಯವರೆಗಿನ ಕೊಳವೆ ಹೆಂಗಸರಲ್ಲಿ ಸುಮಾರು 14–15 ಸೆಂಟಿಮೀಟರ್ ಇರುತ್ತದೆ. ನೂರಕ್ಕೆ ನಾಲ್ಕು ವೇಗ ಹೆಚ್ಚಿಸಿದರೆ ಅದನ್ನು ಅರ್ಧ ಸೆಂಟಿಮೀಟರಿಗೂ ಹೆಚ್ಚು ಮೋಟು ಮಾಡಿದಂತೆ ಕೇಳಿಸುತ್ತದೆ. ಅಂದರೆ ಸ್ವಲ್ಪ ಚಿಕ್ಕ ದೇಹದ, ಚಿಕ್ಕ ವಯಸ್ಸಿನ ಗಾಯಕಿಯ ದನಿ. ಎಳೆದು ನಿಲ್ಲಿಸಿದ ಸ್ವರದ ಕಂಪನವೂ ಚುರುಕಾಗುತ್ತದೆ, ಪದಗಳ ನಡುವಿನ ಉಸಿರು ಮೊಟಕಾಗುತ್ತದೆ. ನಿಮಗೆ ವಿಸಿಡಿಯಲ್ಲಿ ಕಿರಿಯರು ಕೇಳಿಸಿದ್ದು ಭ್ರಮೆಯಲ್ಲ. ಕೇಳಿದ ಶಬ್ದದಲ್ಲೇ ಆ ಗುಣಗಳು ಇದ್ದವು, ಹಾಡಿದವರಲ್ಲಿ ಇರಲಿಲ್ಲ.

ಸರಿಪಡಿಸುವಾಗ ಹಲವರು ಮಾಡುವ ತಪ್ಪು ಒಂದಿದೆ. ಹಾಡಿನ ಉದ್ದ ಬದಲಾಗದಂತೆ ಶ್ರುತಿಯನ್ನು ಮಾತ್ರ ಇಳಿಸುವ ಸೌಲಭ್ಯ ಹಲವು ತಂತ್ರಾಂಶಗಳಲ್ಲಿ ಇದೆ, ಕೈ ಮೊದಲು ಅಲ್ಲಿಗೇ ಹೋಗುತ್ತದೆ. ಅದರಿಂದ ಕಂಪನದ ವೇಗ ತಪ್ಪಾಗಿಯೇ ಉಳಿಯುತ್ತದೆ, ದನಿಯ ಅಂಚುಗಳು ಕಲಸಿಹೋಗುತ್ತವೆ. ನಿಮಗೆ ಬೇಕಾದದ್ದು ವೇಗ ಮತ್ತು ಶ್ರುತಿ ಎರಡನ್ನೂ ಒಟ್ಟಿಗೆ ಇಳಿಸುವುದು, ರೆಕಾರ್ಡಿನ ತಟ್ಟೆಯನ್ನು ನಿಧಾನಕ್ಕೆ ತಿರುಗಿಸಿದ ಹಾಗೆ. ಆಡಾಸಿಟಿಯಲ್ಲಿ `Change Speed and Pitch` ಆಯ್ದು −4.0 ಎಂದು ಕೊಡಿ, `Change Pitch` ಬೇಡ. ಆಜ್ಞೆಯ ಸಾಲಿನಲ್ಲಿ ಮಾಡುವವರಿಗೆ, ವಿಸಿಡಿಯ ಶಬ್ದ ಸೆಕೆಂಡಿಗೆ 44,100 ಮಾದರಿಯದೇ ಆದ್ದರಿಂದ, ಇಷ್ಟು ಸಾಕು:

```
ffmpeg -i vcd.wav -af "asetrate=44100*24/25,aresample=44100" vcd_24.wav
```

ಹಾಗಾದರೆ ರೆಕಾರ್ಡಿನ ವೇಗವೇ ಸರಿ ಎಂದು ಹೇಗೆ ನಂಬುವುದು? ತಿರುಗುಮಣೆಗಳೂ ನೂರಕ್ಕೆ ಒಂದೆರಡರಷ್ಟು ಆಚೀಚೆ ಓಡುತ್ತವೆ. ಇದಕ್ಕೆ ಹಾಡಿನೊಳಗೇ ಸಾಕ್ಷಿ ಹುಡುಕಬೇಕು. ನಿಮ್ಮ ಹಾಡಿನ ಮೊದಲ ಬಿಜಿಎಂನಲ್ಲಿ ಅಕಾರ್ಡಿಯನ್ ಇದೆ. ಪಿಟೀಲು, ಸಿತಾರನ್ನು ಆ ಹೊತ್ತಿನ ಶ್ರುತಿಗೆ ಕೂಡಿಸಿಕೊಳ್ಳಬಹುದು. ಅಕಾರ್ಡಿಯನ್, ವೈಬ್ರಾಫೋನಿನಂಥವನ್ನು ಒಂದು ಹಾಡಿಗಾಗಿ ಯಾರೂ ಬದಲಿಸುವುದಿಲ್ಲ. ರೆಕಾರ್ಡಿನಲ್ಲಿ ಅದರ ಸ್ವರಗಳು 440 ಹರ್ಟ್ಸ್‌ನ ಪ್ರಮಾಣ ಶ್ರುತಿಯ ಅಳತೆಗೆ ಐದಾರು ಸೆಂಟ್ಸ್‌ನೊಳಗೆ ಕೂರುತ್ತವೆ, ಗಾಯಕಿಯ ಷಡ್ಜ 208 ಹರ್ಟ್ಸ್‌ಗೆ ಹತ್ತಿರ, ಅಂದರೆ ಐದೂವರೆ ಮನೆ. ವಿಸಿಡಿಯಲ್ಲಿ ಅದೇ ಷಡ್ಜ 216. ಅದು ಐದೂವರೆಯೂ ಅಲ್ಲ, ಆರೂ ಅಲ್ಲ, ಎರಡರ ಮಧ್ಯೆ ಎಲ್ಲೋ ನಿಂತಿದೆ. ವಾದ್ಯಗೋಷ್ಠಿಯೊಂದು ಅಲ್ಲಿ ನಿಲ್ಲುವುದು ತೀರ ಅಪರೂಪ. ಕೆಲವು ಅಕಾರ್ಡಿಯನ್‌ಗಳು 442ಕ್ಕೆ ಶ್ರುತಿಯಾಗಿರುತ್ತವೆ, ಆದರೆ ಅದರಿಂದ ಆಗುವ ವ್ಯತ್ಯಾಸ 8 ಸೆಂಟ್ಸ್ ಮಾತ್ರ, 71 ಅಲ್ಲ. ರೆಕಾರ್ಡನ್ನೇ ಆಧಾರವಾಗಿ ಇಟ್ಟುಕೊಳ್ಳಬಹುದು.

ನಿಮಿಷಕ್ಕೆ 78 ಸುತ್ತಿನ ತಟ್ಟೆಯಾಗಿದ್ದರೆ ಇಷ್ಟು ಸುಲಭವಿರುತ್ತಿರಲಿಲ್ಲ. ಹೆಸರಿಗೆ 78 ಎಂದಿದ್ದರೂ ಹಳೆಯ ತಟ್ಟೆಗಳು ಎಪ್ಪತ್ತರಿಂದ ಎಂಬತ್ತರ ಆಚೆಗೂ ಬೇರೆ ಬೇರೆ ವೇಗದಲ್ಲಿ ಮುದ್ರಣವಾಗಿವೆ. 78ರಲ್ಲಿ ಮುದ್ರಿಸಿದ್ದನ್ನು 82.6ರಲ್ಲಿ ತಿರುಗಿಸಿದರೆ ಪೂರ್ತಿ ಅರ್ಧ ಮನೆ ಮೇಲೇರುತ್ತದೆ.

ಮುಂದಿನ ಪ್ರಶ್ನೆ: ರೆಕಾರ್ಡಿನಲ್ಲಿ ಇರುವುದೂ ಸಿನಿಮಾದಲ್ಲಿ ಇರುವುದೂ ಒಂದೇ ಸಲ ಹಾಡಿದ್ದೇ? ಇದನ್ನು ಕೇಳದೆ ಮುಂದೆ ಹೋಗಬಾರದು, ಏಕೆಂದರೆ ಸಿನಿಮಾಕ್ಕೆ ಒಬ್ಬರು, ತಟ್ಟೆಗೆ ಇನ್ನೊಬ್ಬರು ಹಾಡಿದ ಉದಾಹರಣೆಗಳು ಮೊದಮೊದಲ ವಾಕ್ಚಿತ್ರಗಳ ಕಾಲದಲ್ಲಿ ಸಾಕಷ್ಟಿವೆ. ಆಗ ಎರಡು ಹೆಸರೂ ನಿಜ, ಜಗಳವೇ ಇಲ್ಲ. ಸರಿಪಡಿಸಿದ ವಿಸಿಡಿ ಕಡತವನ್ನು ಒಂದು ಸಾಲಿನಲ್ಲಿ, ರೆಕಾರ್ಡನ್ನು ಇನ್ನೊಂದರಲ್ಲಿ ಇಟ್ಟು, ಪಲ್ಲವಿಯ ಮೊದಲ ವ್ಯಂಜನವನ್ನು ಕೂಡಿಸಿ. ನಂತರ ಪ್ರತಿ ಉಸಿರನ್ನೂ ನೋಡುತ್ತ ಹೋಗಿ: ಉಸಿರು ಎಳೆದ ಸದ್ದು ಎಲ್ಲಿ ಶುರು, ಅದಾದ ಮೇಲಿನ ಅಕ್ಷರ ಎಷ್ಟು ಹೊತ್ತಿಗೆ ಬಂತು. ಒಬ್ಬರೇ ಗಾಯಕಿ ಅದೇ ದಿನ ಎರಡು ಸಲ ಹಾಡಿದರೂ ಈ ಸಣ್ಣ ಅಂತರಗಳು ಸಾಲು ಸಾಲಿಗೂ ಹೊಂದುವುದಿಲ್ಲ. ನಿಮ್ಮ ಕಡತಗಳಲ್ಲಿ ಕೊನೆಯ ತನಕ ಹೊಂದುತ್ತವೆ. ಎರಡನೆಯ ಚರಣದಲ್ಲಿ ತಬಲಾ ಒಂದು ಪೆಟ್ಟು ತುಸು ಮೊದಲೇ ಬಿದ್ದಿದೆ, ಅದೂ ಎರಡರಲ್ಲೂ ಅಲ್ಲೇ ಇದೆ. ಹಾಡಿದ್ದು ಒಂದೇ ಸಲ. ಒಂದರ ಅಲೆಯನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಕೂಡಿಸಿ, ಶಬ್ದ ಅಳಿಯುತ್ತದೆಯೇ ಎಂದು ನೋಡುವ ಉಪಾಯವನ್ನು ಕೆಲವರು ಹೇಳುತ್ತಾರೆ. ಟೇಪು, ರೀಲು, ತಟ್ಟೆಗಳ ಸಣ್ಣ ತೂಗಾಟದಿಂದಾಗಿ ಹಳೆಯ ಮುದ್ರಣಗಳಲ್ಲಿ ಅದು ಕೆಲಸ ಮಾಡುವುದಿಲ್ಲ. ಒಂದೇ ಗಾಯನವಿದ್ದರೂ ಶಬ್ದ ಪೂರ್ತಿ ಅಳಿಯದೆ ಉಳಿಯುತ್ತದೆ, ನೀವು ಬೇರೆ ಬೇರೆ ಎಂದು ತಪ್ಪು ತಿಳಿಯುತ್ತೀರಿ.

ಇನ್ನು ಹೆಸರುಗಳು. ದನಿಯನ್ನು ತೂಗುವ ಮೊದಲು ಪ್ರತಿ ಹೆಸರೂ ಎಲ್ಲಿಂದ ಹುಟ್ಟಿತು ಎಂದು ನೋಡಿಕೊಳ್ಳಿ. ಹತ್ತು ಕಡೆ ಕಿರಿಯರ ಹೆಸರಿದೆ ಎಂದಮಾತ್ರಕ್ಕೆ ಹತ್ತು ಸಾಕ್ಷಿ ಆಗುವುದಿಲ್ಲ. ನೀವು ಕಳಿಸಿದ ಪಟ್ಟಿಗಳಲ್ಲಿ ಪಲ್ಲವಿಯ ಎರಡನೆಯ ಪದದಲ್ಲಿ ಒಂದೇ ಕಾಗುಣಿತದ ತಪ್ಪು ಎಲ್ಲ ಕಡೆಯೂ ಇದೆ. ತಪ್ಪು ಹಂಚಿಕೊಂಡವರು ಮೂಲವನ್ನೂ ಹಂಚಿಕೊಂಡವರು. ಅವೆಲ್ಲ ಸೇರಿ ಒಂದೇ ಸಾಕ್ಷಿ. ಆ ಮೂಲ ಹೇಗೆ ಹುಟ್ಟಿರಬಹುದು ಎಂಬುದಕ್ಕೂ ಸುಳಿವಿದೆ: ಅದೇ ಸಿನಿಮಾದ ಉಳಿದ ಎಲ್ಲ ಹಾಡುಗಳಿಗೂ ಆಪ್‌ನಲ್ಲಿ ಕಿರಿಯರ ಹೆಸರೇ ಇದೆ, ಗಂಡು ದನಿ ಮಾತ್ರ ಇರುವ ಹಾಡಿಗೂ ಕೂಡ. ಇಡೀ ಆಲ್ಬಮ್ಮಿಗೆ ಒಂದು ಹೆಸರು ತುಂಬಿ, ಅದು ಹಾಡು ಹಾಡಿಗೂ ಇಳಿದಿದೆ. ಹಾಡು ಬೇರೆ ಭಾಷೆಗೂ ಹೋಗಿದ್ದರೆ ಆ ಭಾಷೆಯಲ್ಲಿ ಹಾಡಿದವರ ಹೆಸರು ಇಲ್ಲಿಗೆ ನುಸುಳುವುದೂ ಇದೆ. ಸಂತೋಷದ ಆವೃತ್ತಿ, ದುಃಖದ ಆವೃತ್ತಿ ಎಂದು ಒಂದೇ ಪಲ್ಲವಿ ಎರಡು ಸಲ ಬಂದಾಗ ಇಬ್ಬರ ಹೆಸರು ಒಂದಾಗುವುದೂ ಇದೆ.

ರೆಕಾರ್ಡಿನ ಲೇಬಲ್ ಹಾಡು ಹೊರಬಂದ ಕಾಲದ್ದು, ಅದಕ್ಕೆ ಹೆಚ್ಚು ತೂಕ ಕೊಡಬೇಕು. ಆದರೆ ಪ್ರಮಾಣ ಎನ್ನಬಾರದು. 1949ರ ‘ಮಹಲ್’ ಚಿತ್ರದ ಪ್ರಸಿದ್ಧ ಹಾಡಿನ ಮೊದಲ ತಟ್ಟೆಯ ಮೇಲೆ ಗಾಯಕಿಯ ಹೆಸರಿನ ಜಾಗದಲ್ಲಿ ಕಾಮಿನಿ ಎಂದಿತ್ತು. ಅದು ಮಧುಬಾಲಾ ಅಭಿನಯಿಸಿದ ಪಾತ್ರದ ಹೆಸರು, ಹಾಡಿದ್ದು ಲತಾ ಮಂಗೇಶ್ಕರ್. 1962ರಲ್ಲಿ ಅಮೆರಿಕದಲ್ಲಿ ‘ದಿ ಕ್ರಿಸ್ಟಲ್ಸ್’ ತಂಡದ ಹೆಸರಿನಲ್ಲಿ ಬಂದ ‘ಹೀಸ್ ಎ ರೆಬೆಲ್’ ಹಾಡಿನ ಮುಖ್ಯ ದನಿ ಡಾರ್ಲೀನ್ ಲವ್ ಅವರದು, ಆ ತಂಡದ ಯಾರೂ ಅದರಲ್ಲಿ ಹಾಡಿರಲಿಲ್ಲ. ಅಚ್ಚಾದ ಹೆಸರು ವ್ಯಾಪಾರದ ಮಾತೂ ಆಗಿರಬಹುದು. ಈ ವಿಷಯದಲ್ಲಿ ಧ್ವನಿಮುದ್ರಣದ ಮೊದಲ ದಿನಗಳೇ ಮೇಲು. 1902ರಲ್ಲಿ ಕೋಲ್ಕತ್ತದಲ್ಲಿ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಹೇಳಿಬಿಡುತ್ತಿದ್ದರು.

ಈಗ ದನಿಗೆ ಬರೋಣ. ಹೋಲಿಸುವುದಕ್ಕೆ ಪ್ರತಿಯೊಬ್ಬರ ಮೂರು ಹಾಡು ಬೇಕು, ಅವು ಯಾರ ತಕರಾರೂ ಇಲ್ಲದವು ಆಗಿರಬೇಕು. ವಿವಾದದ ಹಾಡಿನಿಂದ ಎರಡು ಮೂರು ವರ್ಷದ ಆಚೀಚೆ ಇರಲಿ, ಸಾಧ್ಯವಾದರೆ ಅದೇ ಸಂಗೀತ ನಿರ್ದೇಶಕರದು, ಅದೇ ಕಾಲದ ರೆಕಾರ್ಡಿನಿಂದ ತೆಗೆದದ್ದು. ನೀವು ಹಿರಿಯರದೆಂದು ಕಳಿಸಿದ ಹಾಡುಗಳಲ್ಲಿ ಒಂದು ಸುಮಾರು ಇಪ್ಪತ್ತು ವರ್ಷ ನಂತರದ್ದು, ಅದನ್ನು ಬಿಟ್ಟೆ. ವಯಸ್ಸಾದಂತೆ ಕಂಪನ ನಿಧಾನವೂ ಅಗಲವೂ ಆಗುತ್ತದೆ, ಮೇಲಿನ ಸ್ವರಗಳು ಗಡುಸಾಗುತ್ತವೆ. ಕಾಲ ಬೇರೆಯಾದರೆ ಅದೇ ಮನುಷ್ಯರೂ ಬೇರೆಯವರಂತೆ ಕೇಳಿಸುತ್ತಾರೆ. ಇವೆಲ್ಲದರ ವೇಗವನ್ನೂ ಮೇಲೆ ಹೇಳಿದಂತೆ ಪರೀಕ್ಷಿಸಿ. ಆಧಾರದ ಹಾಡೇ ವೇಗ ತಪ್ಪಿದ್ದರೆ ಹೋಲಿಕೆಯೆಲ್ಲ ಹಾಳು. ಜೊತೆಗೆ ಆ ಕಾಲದಲ್ಲಿ ಹಾಡುತ್ತಿದ್ದ, ದನಿ ಇಬ್ಬರಿಗೂ ಹತ್ತಿರವಿದ್ದ ಮೂರನೆಯ ಗಾಯಕಿಯದೊಂದು ಹಾಡನ್ನೂ ಸೇರಿಸಿ. ‘ಇವರೋ ಅವರೋ’ ಎಂದು ಕೇಳಿಕೊಂಡ ಕಿವಿ ಇಬ್ಬರಲ್ಲಿ ಒಬ್ಬರನ್ನು ಆರಿಸಿಯೇ ತೀರುತ್ತದೆ, ಇಬ್ಬರೂ ಅಲ್ಲದಿದ್ದಾಗಲೂ.

ಮೊದಲು ನಿಮ್ಮ ಕಿವಿಯನ್ನೇ ಪರೀಕ್ಷೆ ಮಾಡಿಕೊಳ್ಳಿ. ಇಬ್ಬರ ಖಚಿತ ಹಾಡುಗಳಿಂದ ಎರಡರಿಂದ ನಾಲ್ಕು ಸೆಕೆಂಡಿನ ಆರಾರು ತುಣುಕು ಕತ್ತರಿಸಿ. ವಾದ್ಯ ಕಡಿಮೆ ಇರುವ ಜಾಗ ಇರಲಿ, ಹಾಡು ಯಾವುದೆಂದು ಗೊತ್ತಾಗುವಂಥ ಸಾಲು ಬೇಡ. ಎಲ್ಲದರ ಸದ್ದಿನ ಮಟ್ಟ ಒಂದೇ ಮಾಡಿ, ಏಕೆಂದರೆ ಜೋರಾಗಿರುವುದು ಯಾವಾಗಲೂ ಸಿರಿವಂತ ದನಿಯಂತೆ ಕೇಳಿಸುತ್ತದೆ. ಹನ್ನೆರಡನ್ನೂ ಬೇರೊಬ್ಬರು ಕಲೆಸಿ ನಂಬರು ಹಾಕಿ ಕೊಡಲಿ, ನೀವು ಹೆಸರು ಬರೆಯಿರಿ. ಸುಮ್ಮನೆ ನಾಣ್ಯ ಚಿಮ್ಮಿ ಬರೆದರೂ ಹತ್ತು ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಕಡಿಮೆ. ಅಷ್ಟು ಬಂದರೆ ನಿಮ್ಮ ಕಿವಿ ಈ ಇಬ್ಬರನ್ನು ಬಿಡಿಸಬಲ್ಲದು. ಏಳೆಂಟು ಬಂದರೆ ವಿವಾದದ ಹಾಡಿನ ಬಗ್ಗೆ ನಿಮಗೆ ಎಷ್ಟೇ ಗಟ್ಟಿ ಅನ್ನಿಸಿದರೂ ಆ ಅನ್ನಿಸಿಕೆಗೆ ಬೆಲೆಯಿಲ್ಲ. ಇಲ್ಲಿಗೆ ಬಂದು ನಿಲ್ಲುವವರು ಬಹಳ ಮಂದಿ. ಹಾಡು ಗೊತ್ತಿದ್ದಾಗ ದನಿ ಗುರುತಿಸುವುದು ಬೇರೆ, ದನಿ ಮಾತ್ರ ಕೇಳಿ ಗುರುತಿಸುವುದು ಬೇರೆ.

ಏನನ್ನು ಕೇಳಬೇಕು ಎಂಬುದಕ್ಕಿಂತ ಏನನ್ನು ಕಡೆಗಣಿಸಬೇಕು ಎಂಬುದು ಮೊದಲು. ಇಂಪು, ಭಾವ, ‘ಅವರ ಶೈಲಿ’ ಎನ್ನುವ ಗಮಕಗಳು, ಮುರ್ಕಿಗಳು, ಪದ ಒಡೆಯುವ ರೀತಿ, ಇವನ್ನೆಲ್ಲ ಸಂಗೀತ ನಿರ್ದೇಶಕರು ಹಾಡಿ ತೋರಿಸಿರುತ್ತಾರೆ. ಗಾಯಕಿ ಅದನ್ನೇ ಒಪ್ಪಿಸುತ್ತಾರೆ. ಕಿರಿಯ ಗಾಯಕಿಯರು ಹಿರಿಯರ ಜಾಡಿನಲ್ಲಿ ಹಾಡಲು ಕಲಿತಿರುತ್ತಾರೆ, ಕೆಲವೊಮ್ಮೆ ಹಿರಿಯರಿಗಾಗಿ ಟ್ರ್ಯಾಕ್ ಹಾಡಿ, ಅವರಂತೆಯೇ ಹಾಡಬೇಕೆಂದು ಹೇಳಿಸಿಕೊಂಡೂ ಇರುತ್ತಾರೆ. ಆದ್ದರಿಂದ ಶೈಲಿಯಲ್ಲಿ ಗಮನಕ್ಕೆ ಬರುವ ದೊಡ್ಡ ಅಂಶಗಳೇ ಅನುಕರಣೆಗೆ ಸುಲಭ. ತಮಗೇ ಗೊತ್ತಿಲ್ಲದ ಸಣ್ಣ ಅಭ್ಯಾಸಗಳು ಅನುಕರಣೆಗೆ ಸಿಗುವುದಿಲ್ಲ. ನಾನು ಮೂರಕ್ಕೆ ಹೆಚ್ಚು ತೂಕ ಕೊಡುತ್ತೇನೆ.

ಒಂದು, ಕೆಳಗಿನ ಸ್ವರಗಳಲ್ಲಿ ‘ಅ’ ಮತ್ತು ‘ಆ’. ಎಲ್ಲರೂ ತಾರಸ್ಥಾಯಿಯ ಸಾಲನ್ನು ಹೋಲಿಸುತ್ತಾರೆ, ಅದು ಮನಸ್ಸಿನಲ್ಲಿ ಉಳಿಯುವ ಜಾಗವಾದ್ದರಿಂದ. ಗುರುತಿಸುವುದಕ್ಕೆ ಅದೇ ಅತ್ಯಂತ ಕೆಟ್ಟ ಜಾಗ. ನಿಮ್ಮ ಹಾಡಿನ ತಾರ ಪಂಚಮ 620 ಹರ್ಟ್ಸ್‌ನ ಸುತ್ತ ಇದೆ. ಅಲ್ಲಿ ದನಿಯೊಳಗಿನ ಮೇಲ್ಸ್ವರಗಳು 620, 1,240, 1,860 ಹೀಗೆ ದೂರ ದೂರ ಇರುತ್ತವೆ. ಗಂಟಲ ಅನುರಣನದ ಆಕಾರ ತಿಳಿಯಬೇಕಾದರೆ ಈ ಚುಕ್ಕಿಗಳನ್ನು ಕೂಡಿಸಿ ಗೆರೆ ಎಳೆಯಬೇಕು, ಚುಕ್ಕಿಗಳೇ ಸಾಲದು. ಸಾಲದ್ದಕ್ಕೆ ಅಷ್ಟು ಮೇಲೆ ‘ಇ’, ‘ಉ’ ಹಾಡುವಾಗ ಎಲ್ಲರೂ ಬಾಯಿ ಹೆಚ್ಚು ತೆರೆಯಲೇಬೇಕು, ಸ್ವರಾಕ್ಷರಗಳ ಬಣ್ಣ ಒಂದರೊಳಗೊಂದು ಬೆರೆಯುತ್ತದೆ, ಹಾಗೆಯೇ ಗಾಯಕಿಯರ ಬಣ್ಣವೂ. ಷಡ್ಜದ ಸುತ್ತ, 200 ಹರ್ಟ್ಸ್‌ನ ಹತ್ತಿರ, ಚುಕ್ಕಿಗಳು ಮೂರು ಪಟ್ಟು ಒತ್ತಾಗಿರುತ್ತವೆ. ಆ ಜಾಗದಲ್ಲಿ ನಿಂತ ‘ಆ’ಕಾರವನ್ನು ಶಬ್ದವನ್ನು ಚಿತ್ರವಾಗಿ ತೋರಿಸುವ ಪ್ರಾಟ್ ಅಥವಾ ಸೋನಿಕ್ ವಿಶುವಲೈಸರ್ ತಂತ್ರಾಂಶದಲ್ಲಿ ತೆರೆದು ನೋಡಿ. ಕೆಳಗಿನ ಎರಡು ಅನುರಣನಗಳು ಅದು ‘ಆ’ ಎಂದು ಹೇಳುತ್ತವೆ, ಮನುಷ್ಯರ ಗುರುತು ಹೆಚ್ಚಾಗಿ ಇರುವುದು ಮೂರನೆಯ ನಾಲ್ಕನೆಯದರಲ್ಲಿ, ಸುಮಾರು 2,500ರಿಂದ 4,200 ಹರ್ಟ್ಸ್‌ವರೆಗೆ. ಇದಕ್ಕೆ ರೆಕಾರ್ಡನ್ನೇ ಬಳಸಿ. ಸಿನಿಮಾ ರೀಲಿನ ಹಳೆಯ ಆಪ್ಟಿಕಲ್ ಶಬ್ದದಲ್ಲಿ ಮೇಲಿನ ಭಾಗ ತೀರ ಕುಗ್ಗಿರುತ್ತದೆ. ನಿಮ್ಮ ಹಾಡಿನ ‘ಆ’ದಲ್ಲಿ 3,000ದ ಸುತ್ತ ಎರಡು ಪಟ್ಟಿಗಳು ಒಂದಕ್ಕೊಂದು ಅಂಟಿಕೊಂಡಂತೆ ಒಂದು ದಪ್ಪ ಗೆರೆಯಾಗಿ ಕಾಣುತ್ತವೆ. ಹಿರಿಯರ ಖಚಿತ ಹಾಡುಗಳಲ್ಲೂ ಹಾಗೆಯೇ. ಕಿರಿಯರಲ್ಲಿ ಅವು ಬಿಡಿಬಿಡಿಯಾಗಿ, ನಡುವೆ ಜಾಗ ಬಿಟ್ಟು ನಿಲ್ಲುತ್ತವೆ. ಕಿವಿಗೆ ಇದು ಹಿರಿಯರ ದನಿಯ ‘ಕಂಚಿನ’ ಗುಣವಾಗಿ, ಕಿರಿಯರ ದನಿಯ ‘ಕೊಳಲಿನ’ ಗುಣವಾಗಿ ಕೇಳುತ್ತದೆ.

ಎರಡು, ನೀಟಾಗಿ ನಿಲ್ಲಿಸಿದ ಸ್ವರದ ಕೊನೆ. ಕಂಪನ ಎಷ್ಟು ವೇಗ ಎಂಬುದು ಒಬ್ಬರಲ್ಲಿ ಒಂದು ಕಾಲಘಟ್ಟದಲ್ಲಿ ಹೆಚ್ಚೂಕಡಿಮೆ ಸ್ಥಿರ. ತರಬೇತಾದ ದನಿಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ ಐದರಿಂದ ಏಳು. ಗಮಕವನ್ನು ಇದರ ಜೊತೆ ಎಣಿಸಬೇಡಿ, ಅದು ರಾಗಕ್ಕೆ ಸೇರಿದ್ದು, ಬೇಕೆಂದೇ ಹಾಕಿದ್ದು. ಸಾಲಿನ ಕೊನೆಯಲ್ಲಿ ಒಂದೇ ಸ್ವರ ಎರಡು ಸೆಕೆಂಡು ನಿಂತ ಜಾಗ ಹಿಡಿದು, ಶ್ರುತಿಯ ಗೆರೆಯ ಮೇಲಿನ ಶಿಖರಗಳನ್ನು ಎಣಿಸಿ, ಕನಿಷ್ಠ ಎಂಟು ಹತ್ತು ಜಾಗಗಳಲ್ಲಿ. ರೆಕಾರ್ಡಿನಲ್ಲಿ ಸರಾಸರಿ 6.1 ಬರುತ್ತದೆ. ಹಿರಿಯರ ಖಚಿತ ಹಾಡುಗಳಲ್ಲಿ 5.9ರಿಂದ 6.2, ಕಿರಿಯರಲ್ಲಿ 6.3ರಿಂದ 6.6. ಸರಿಪಡಿಸದ ವಿಸಿಡಿಯಲ್ಲಿ ಅದೇ 6.1 ಏನಾಗುತ್ತದೆ ನೋಡಿ: 6.35. ನೇರವಾಗಿ ಕಿರಿಯರ ಸಾಲಿಗೆ ಹೋಗಿ ಕೂತುಬಿಡುತ್ತದೆ. ವೇಗ ಸರಿಪಡಿಸದೆ ಅಳೆದಿದ್ದರೆ ಅಳತೆಯೂ ನಿಮ್ಮ ಕಿವಿಯ ತಪ್ಪನ್ನೇ ಹೌದೆನ್ನುತ್ತಿತ್ತು. ಇಬ್ಬರ ಅಂತರ ಕಿರಿದಾದ್ದರಿಂದ ಈ ಅಂಕಿಯೊಂದನ್ನೇ ನೆಚ್ಚಬೇಡಿ. ಕಂಪನ ಯಾವಾಗ ಶುರುವಾಗುತ್ತದೆ ಎಂಬುದೂ ಅಷ್ಟೇ ಮುಖ್ಯ. ಹಿರಿಯರು ಸ್ವರವನ್ನು ಅರ್ಧ ಸೆಕೆಂಡಿನಷ್ಟು ಅಲುಗದೆ ನಿಲ್ಲಿಸಿ ಆಮೇಲೆ ಕಂಪಿಸುತ್ತಾರೆ, ಕಿರಿಯರು ಸ್ವರ ಮುಟ್ಟಿದ ಕ್ಷಣದಿಂದಲೇ. ನಿಮ್ಮ ಹಾಡಿನಲ್ಲಿ ಪಲ್ಲವಿಯ ಕೊನೆಯ ಅಕ್ಷರ ಬಂದಾಗಲೆಲ್ಲ ಮೊದಲು ನೇರ ಗೆರೆ, ಆಮೇಲೆ ಅಲೆ.

ಮೂರು, ಅನುಸ್ವಾರದ ಹಿಂದಿನ ಸ್ವರ. ‘ಕಂಡ’, ‘ಬಂತು’, ‘ಅಂದ’ದಂಥ ಪದಗಳಲ್ಲಿ ಮೂಗಿನ ದಾರಿ ಯಾವಾಗ ತೆರೆಯುತ್ತದೆ ಎಂಬುದು ಆಳದ ಅಭ್ಯಾಸ. ಕೆಲವರು ‘ಅ’ ಹಾಡುವಾಗಲೇ ಮೂಗಿಗೆ ಹೋಗಿರುತ್ತಾರೆ, ಕೆಲವರು ಕೊನೆಯ ಗಳಿಗೆಯವರೆಗೂ ಬಾಯಲ್ಲೇ ಉಳಿಯುತ್ತಾರೆ. ಉಚ್ಚಾರ ತಿದ್ದುವವರು ‘ಳ’ವನ್ನು ತಿದ್ದುತ್ತಾರೆ, ‘ಶ’ವನ್ನು, ಮಹಾಪ್ರಾಣವನ್ನು ತಿದ್ದುತ್ತಾರೆ. ಇದನ್ನು ಯಾರೂ ತಿದ್ದುವುದಿಲ್ಲ. ಆದ್ದರಿಂದಲೇ ‘ಳ’ಕಾರ ಸ್ಪಷ್ಟವಾಗಿದೆಯೇ ಎಂಬ ಪ್ರಸಿದ್ಧ ಪರೀಕ್ಷೆಗಿಂತ ಇದು ಮೇಲು. ಇಂಥ ಪದಗಳ ಪಟ್ಟಿ ಮಾಡಿ, ಸ್ವರವನ್ನು ಮಾತ್ರ ಕತ್ತರಿಸಿ, ಅನುಸ್ವಾರ ಬರುವ ಮೊದಲೇ ನಿಲ್ಲಿಸಿ ಕೇಳಿ. ಆಗಲೂ ಮೂಗಿನ ಛಾಯೆ ಇದ್ದರೆ ಬೇಗ ತೆರೆಯುವವರು. ನಿಮ್ಮ ಹಾಡಿನಲ್ಲಿ ಇಂಥ ಏಳು ಪದಗಳಿವೆ. ಆರರಲ್ಲಿ ಸ್ವರ ಕೊನೆಯವರೆಗೂ ಸ್ವಚ್ಛ, ಹಿರಿಯರ ಹಾಡುಗಳಂತೆ. ಏಳನೆಯದು ಪಿಟೀಲಿನ ಜೊತೆ ಕಲೆತುಹೋಗಿ ಹೇಳಲಾಗುವುದಿಲ್ಲ. ಕಿರಿಯರ ಖಚಿತ ಹಾಡುಗಳಲ್ಲಿ ಇಂಥ ಸ್ವರದ ಅರ್ಧ ಭಾಗ ಮೂಗಿನದೇ. ಮೂರನೆಯ ಗಾಯಕಿಯದೂ ಕಿರಿಯರಂತೆಯೇ. ಹಿರಿಯರ ಪರವಾಗಿ ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಂಡದ್ದು ಇದು.

ಮೂರೂ ಒಂದೇ ಕಡೆ ತೋರಿಸುತ್ತವೆ, ಮೂರೂ ಬೇರೆ ಬೇರೆ ಅಂಗಕ್ಕೆ ಸೇರಿದವು: ಒಂದು ಗಂಟಲು ಬಾಯಿಯ ಆಕಾರಕ್ಕೆ, ಒಂದು ಧ್ವನಿತಂತುಗಳ ಸ್ನಾಯುಗಳಿಗೆ, ಒಂದು ಅಂಗುಳಿನ ಚಲನೆಗೆ. ಒಂದು ಸುಳ್ಳಾದರೆ ಉಳಿದವೂ ಅದರ ಜೊತೆ ಸುಳ್ಳಾಗಬೇಕಿಲ್ಲ. ಒಂದೇ ಗುಣವನ್ನು ‘ಇಂಪು’, ‘ಮಾಧುರ್ಯ’, ‘ಮೃದು’ ಎಂದು ಮೂರು ಹೆಸರಿನಿಂದ ಕರೆದು ಮೂರು ಸಾಕ್ಷಿ ಎಣಿಸುವುದಕ್ಕೂ ಇದಕ್ಕೂ ಇರುವ ಅಂತರ ಅದು. ಪಲ್ಲವಿ ಮತ್ತು ಎರಡೂ ಚರಣಗಳು ಹಿರಿಯ ಗಾಯಕಿಯವು ಎಂದು ಹೇಳುತ್ತೇನೆ.

ಆದರೆ ಹಾಡಿನ ಶುರುವಿನ ಹಮ್ಮಿಂಗ್ ಬಗ್ಗೆ ಹಾಗೆ ಹೇಳಲಾರೆ. ಹನ್ನೊಂದು ಸೆಕೆಂಡಿನ ಆ ಭಾಗ ಪೂರ್ತಿ ತಾರಸ್ಥಾಯಿಯಲ್ಲಿದೆ, ಪ್ರತಿಧ್ವನಿ ತುಂಬಿದೆ, ಪದವೇ ಇಲ್ಲ. ಮೂರು ಪರೀಕ್ಷೆಗಳಲ್ಲಿ ಎರಡು ಅಲ್ಲಿ ನಡೆಯುವುದೇ ಇಲ್ಲ. ನಡೆಯುವ ಒಂದರಲ್ಲಿ, ಕಂಪನ ಸ್ವರ ಮುಟ್ಟಿದ ತಕ್ಷಣ ಶುರುವಾಗುತ್ತದೆ, ಹಿರಿಯರ ಅಭ್ಯಾಸಕ್ಕೆ ವಿರುದ್ಧ. ಹಮ್ಮಿಂಗ್ ಮುಗಿದು ಪಲ್ಲವಿ ಶುರುವಾಗುವ ಮೊದಲು ಉಸಿರಿನ ಸದ್ದೂ ಇಲ್ಲ. ಹನ್ನೊಂದು ಸೆಕೆಂಡು ಎಳೆದವರು ಉಸಿರು ತೆಗೆದುಕೊಳ್ಳದೆ ಅಷ್ಟು ಬೇಗ ಮುಂದಿನ ಸಾಲು ಹಿಡಿಯುವುದು ಕಷ್ಟ. ಬೇರೆಯವರು ಹಾಡಿರಬಹುದು, ಬೇರೆಯಾಗಿ ಮುದ್ರಿಸಿ ಕೂಡಿಸಿರಲೂಬಹುದು. ಒಂದು ಮುದ್ರಣದಲ್ಲಿ ಎರಡು ದನಿ ಒಂದೇ ಹೆಸರಿನಡಿ ಅಡಗುವುದು ಹೊಸತಲ್ಲ. 1952ರಲ್ಲಿ ಮುದ್ರಿಸಿದ ವಾಗ್ನರ್‌ನ ‘ಟ್ರಿಸ್ಟಾನ್’ ಆಪೆರಾದಲ್ಲಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಅವರ ತುತ್ತತುದಿಯ ಸ್ವರಗಳನ್ನು ಎಲಿಸಬೆತ್ ಶ್ವಾರ್ಟ್ಸ್‌ಕಾಫ್ ಹಾಡಿಕೊಟ್ಟಿದ್ದರು. ನಿಮ್ಮ ಹಾಡಿನ ಹಮ್ಮಿಂಗ್ ಕಿರಿಯರದಾಗಿದ್ದರೆ ಟೈಟಲ್ ಪಟ್ಟಿಯಲ್ಲಿ ಇಬ್ಬರೂ ಇರುವುದಕ್ಕೆ ಅದೂ ಒಂದು ಕಾರಣವಾಗಬಹುದು, ಆದರೆ ಅದೇ ಸಿನಿಮಾದಲ್ಲಿ ಕಿರಿಯರ ಇನ್ನೊಂದು ಹಾಡು ಇದ್ದರೆ ಆ ಕಾರಣ ಬೇಕಾಗಿಯೇ ಇಲ್ಲ.

ಪಟ್ಟಿಯಲ್ಲಿ ಬರೆಯುವಾಗ ಹೀಗೆ ಬರೆಯಿರಿ: ‘ಗಾಯನ: ಹಿರಿಯ ಗಾಯಕಿಯ ಹೆಸರು, ಇಪಿ ಲೇಬಲ್ ಪ್ರಕಾರ, ದನಿಯ ಹೋಲಿಕೆ ಒಪ್ಪುತ್ತದೆ. ಆರಂಭದ ಹಮ್ಮಿಂಗ್: ನಿರ್ಧಾರವಾಗಿಲ್ಲ. ಡಿಜಿಟಲ್ ಪಟ್ಟಿಗಳಲ್ಲಿ ಕಿರಿಯ ಗಾಯಕಿಯ ಹೆಸರಿದೆ.’ ಕೊನೆಯ ವಾಕ್ಯವನ್ನು ಬಿಡಬೇಡಿ, ಬಿಟ್ಟರೆ ಮುಂದೆ ಯಾರೋ ಬಂದು ‘ತಪ್ಪು’ ತಿದ್ದುತ್ತಾರೆ. ರೆಕಾರ್ಡಿನ ನಡುವೆ, ಲೇಬಲ್ಲಿನ ಅಂಚಿಗೆ, ಹಾಡಿನ ಗೆರೆಗಳು ಮುಗಿದ ನುಣುಪಾದ ಖಾಲಿ ಜಾಗದಲ್ಲಿ ಗೀಚಿದ ಮ್ಯಾಟ್ರಿಕ್ಸ್ ಸಂಖ್ಯೆಯನ್ನೂ ಬರೆದಿಡಿ, ದೀಪವನ್ನು ಓರೆಯಾಗಿ ಹಿಡಿದರೆ ಓದಲು ಬರುತ್ತದೆ. ಮುಂದೆ ಈ ಹಾಡಿನ ಬೇರೆ ಮುದ್ರಣ ಸಿಕ್ಕಾಗ ಅದೇ ಲೋಹದ ಅಚ್ಚಿನಿಂದ ಬಂದದ್ದೋ ಅಲ್ಲವೋ ಎಂದು ಮೊದಲು ತಿಳಿಸುವುದು ಆ ಸಂಖ್ಯೆ. ಸಿನಿಮಾ ಬಿಡುಗಡೆಯ ಹೊತ್ತಿಗೆ ಚಿತ್ರಮಂದಿರದಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ ಎಲ್ಲಾದರೂ ಸಿಕ್ಕರೆ ಅದರಲ್ಲಿ ಹಾಡು ಹಾಡಿಗೂ ಹೆಸರು ಕೊಟ್ಟಿದ್ದಾರೆಯೇ ನೋಡಿ. ಅದರಲ್ಲಿ ಕಿರಿಯರ ಹೆಸರು ಈ ಹಾಡಿನ ಮುಂದೆಯೇ ಇದ್ದರೆ ನನಗೆ ತಿಳಿಸಿ, ಹಮ್ಮಿಂಗ್ ಭಾಗವನ್ನು ಮತ್ತೆ ಕೂತು ಕೇಳಬೇಕಾಗುತ್ತದೆ.